ಕೃಷಿ ಹೊಂಡಕ್ಕೆ ಬಿದ್ದ ಆನೆಮರಿ: ಈ ಕಥೆಯ ಉಳಿದರ್ಧ ಹೇಗಿರಬೇಕು?

ಬೇತಮಂಗಲದ ಟೀಚರ್

ಎಲ್ಲರಿಗೂ ನಮಸ್ಕಾರ. ಐದನೇ ತರಗತಿ ಮಕ್ಕಳಿಗೆ ಓದಿ ಹೇಳಲು ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಹಿಂಡಿನಿಂದ ತಪ್ಪಿಸಿಕೊಂಡ ಆನೆಮರಿ ಕೊನೆಗೆ ತಾಯಿಯನ್ನು ಸೇರುವ ಕಥೆ. ಅರ್ಧ ಬರೆದು ನಿಂತಿದ್ದೇನೆ. ನಮ್ಮ ಶಾಲೆಗೆ ಕಾಮಸಮುದ್ರದ ಕಡೆಯಿಂದಲೂ ಮಕ್ಕಳು ಬರುತ್ತಾರೆ. ಆನೆ ಅವರಿಗೆ ಚಿತ್ರದ ಪ್ರಾಣಿ ಅಲ್ಲ, ಅಪ್ಪನ ರಾಗಿ ಹೊಲಕ್ಕೆ ಬರುವ ಪ್ರಾಣಿ. ಸುಳ್ಳು ಬರೆದರೆ ಅಲ್ಲೇ ಹಿಡಿಯುತ್ತಾರೆ. ಇಲ್ಲಿಯವರೆಗೆ ಬರೆದಿರುವುದು ಇದು:

*ರಾಗಿ ತೆನೆ ಬಲಿತಿತ್ತು. ಹಿಂಡು ಕತ್ತಲಾದ ಮೇಲೆ ಕಾಡು ಇಳಿಯಿತು. ಮುಂದೆ ಅಜ್ಜಿ ಆನೆ, ಅವಳ ಎಡಗಿವಿಯ ಅಂಚು ಹರಿದಿತ್ತು. ಹಿಂದೆ ಅವಳ ಹೆಣ್ಣುಮಕ್ಕಳು. ನಡುವೆ ಮೂರು ತಿಂಗಳ ಮರಿ. ಅದು ಇನ್ನೂ ಅಮ್ಮನ ಹೊಟ್ಟೆಯ ಕೆಳಗೇ ನುಸುಳಿ ಓಡಾಡುವಷ್ಟು ಚಿಕ್ಕದು.*

*ನೀಲಗಿರಿ ತೋಪು ದಾಟಿದಾಗ ನೀರಿನ ವಾಸನೆ ಬಂತು. ಹೊಲದ ಮೂಲೆಯಲ್ಲಿ ಕೃಷಿ ಹೊಂಡ. ಕಪ್ಪು ಟಾರ್ಪಾಲಿನ್ ಹಾಸಿದ ಹೊಂಡ. ದೊಡ್ಡವರು ದಡದಲ್ಲೇ ನಿಂತು ಸೊಂಡಿಲು ಚಾಚಿ ನೀರು ಎಳೆದುಕೊಂಡರು. ಮರಿಗೆ ಸೊಂಡಿಲಲ್ಲಿ ನೀರು ಎಳೆಯಲು ಇನ್ನೂ ಬರುವುದಿಲ್ಲ. ಅದು ಬಾಯಿಯಿಂದಲೇ ಕುಡಿಯಬೇಕೆಂದು ಮುಂಗಾಲು ಮಡಿಸಿ ಬಗ್ಗಿತು. ಟಾರ್ಪಾಲಿನ್ ಮೇಲೆ ಕಾಲು ಜಾರಿತು.*

*ಅಮ್ಮ ಸೊಂಡಿಲು ಚಾಚಿದಳು. ಎಟುಕಲಿಲ್ಲ. ಅಜ್ಜಿ ದಡದ ಮಣ್ಣನ್ನು ಕಾಲಿನಿಂದ ಒದ್ದು ಕೆಡವತೊಡಗಿದಳು. ಅಷ್ಟರಲ್ಲಿ ನಾಯಿ ಬೊಗಳಿತು. ಟಾರ್ಚ್ ಬೆಳಕು, ತಮಟೆ, ಪಟಾಕಿ. ಹಿಂಡು ಬೆದರಿ ಕಾಡಿನ ಕಡೆ ಓಡಿತು. ಅಮ್ಮ ಎರಡು ಸಲ ತಿರುಗಿ ಬಂದಳು. ಎರಡು ಸಲವೂ ಪಟಾಕಿ ಸಿಡಿಯಿತು.*

*ಬೆಳಗ್ಗೆ ಜೆಸಿಬಿ ಬಂತು. ಹೊಂಡದ ಒಂದು ಬದಿಯನ್ನು ಅಗೆದು ಇಳಿಜಾರು ಮಾಡಿದರು. ಮರಿ ತತ್ತರಿಸುತ್ತಾ ಮೇಲೆ ಬಂತು. ಊರಿಗೆ ಊರೇ ಸುತ್ತ ನಿಂತಿತ್ತು.*

ಇಲ್ಲಿಂದ ಮುಂದೆ? ಊರಿನ ಹೆಂಗಸರು ಹಾಲು ಕುಡಿಸುತ್ತಾರೆ, ಮೈ ತೊಳೆಯುತ್ತಾರೆ, ಸಂಜೆ ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ ಅಂತ ಯೋಚಿಸಿದ್ದೆ. ಆನೆ ಕಾವಲಿಗೆ ಹೋಗುವ ಒಬ್ಬ ಮಗುವಿನ ತಂದೆ ಕೇಳಿ, "ಹಾಗೆಲ್ಲ ಆಗಲ್ಲ ಮೇಡಂ" ಅಂದರು. ಹಾಗಾದರೆ ಹೇಗೆ ಆಗುತ್ತದೆ? ಗೊತ್ತಿರುವವರು ಹೇಳಿ.

ಗಣಿಯೂರಿನವ

ಮೇಡಂ, ಮರಿ ಈಗ ಎಲ್ಲಿದೆ? ಯಾರೂ ಹತ್ತಿರ ಹೋಗಬೇಡಿ. ತಕ್ಷಣ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ನಾನು ಕೆಜಿಎಫ್‌ನಲ್ಲೇ ಇದ್ದೇನೆ, ಬೇಕಾದರೆ ಬೈಕ್ ತೆಗೆದುಕೊಂಡು ಬರುತ್ತೇನೆ.

ಬೇತಮಂಗಲದ ಟೀಚರ್

ಅಣ್ಣ, ಇದು ಕಥೆ. ನಿಜವಾಗಿ ಯಾವ ಮರಿಯೂ ಬಿದ್ದಿಲ್ಲ. ಆದರೆ ನಂಬರ್ ಕೊಟ್ಟಿದ್ದು ಒಳ್ಳೆಯದಾಯಿತು. ಕಥೆಯಲ್ಲಿ ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ, ಆ ನಂಬರನ್ನೇ ಹಾಕುತ್ತೇನೆ.

ಚಿಂತಾಮಣಿ ಅಕ್ಕ

ಕಥೆ ಚೆನ್ನಾಗಿದೆ. ಆದರೆ ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಅಲ್ವಾ? ನಮ್ಮ ಅಜ್ಜಿ ಗುಬ್ಬಚ್ಚಿ ಮರಿಯನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಜೆಸಿಬಿ ಬಂದು, ಹತ್ತು ಜನ ಹಿಡಿದು ಎಳೆದ ಮೇಲೆ ತಾಯಿ ಮತ್ತೆ ಸೇರಿಸಿಕೊಂಡಳು ಅಂದರೆ ಮಕ್ಕಳು ನಂಬುತ್ತಾರಾ?

ಕಾಡುಕಾವಲು

ನಾನು ಗಡಿ ಕಡೆ ವಾಚರ್ ಆಗಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಅಕ್ಕ ಹೇಳಿದ್ದು ಅರ್ಧ ಸರಿ. ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ಬಿಡುವುದಿಲ್ಲ. 2017ರಲ್ಲಿ ಮೆಟ್ಟುಪಾಳ್ಯಂ ಹತ್ತಿರ ಹಳ್ಳಕ್ಕೆ ಬಿದ್ದಿದ್ದ ಮರಿಯನ್ನು ಒಬ್ಬ ಫಾರೆಸ್ಟ್ ಗಾರ್ಡ್ ಹೆಗಲ ಮೇಲೆ ಹೊತ್ತು ಸಾಗಿಸಿದರು. ಅಷ್ಟು ಮುಟ್ಟಿದ್ದರೂ ಅದು ತಾಯಿಯನ್ನು ಸೇರಿತು. ತೊಂದರೆ ಬೇರೆ ಕಡೆ ಇದೆ. ಮರಿಯ ಸುತ್ತ ಜನ ಇದ್ದಷ್ಟು ಹೊತ್ತು ಹಿಂಡು ಹತ್ತಿರ ಬರುವುದಿಲ್ಲ. ತಾಯಿ ಬಿಟ್ಟಿರುವುದಿಲ್ಲ, ನಾವು ಬರಲು ಬಿಟ್ಟಿರುವುದಿಲ್ಲ.

ಟೀಚರಮ್ಮ, ನಿಮ್ಮ ಕಥೆಯಲ್ಲಿ "ಅಮ್ಮ ಎರಡು ಸಲ ತಿರುಗಿ ಬಂದಳು" ಅಂತ ಇದೆಯಲ್ಲ, ಅದನ್ನು ತೆಗೆಯಬೇಡಿ. ನಿಜವಾಗಿ ನಡೆಯುವುದೇ ಅದು. ಪಟಾಕಿ ಹೊಡೆಯುವವರಿಗೆ ಹೊಂಡದಲ್ಲಿ ಮರಿ ಇದೆ ಅಂತ ಗೊತ್ತಿರುವುದಿಲ್ಲ. ಆನೆ ಯಾಕೆ ಇಷ್ಟು ಓಡಿಸಿದರೂ ಹೋಗುತ್ತಿಲ್ಲ, ಯಾಕೆ ಒಂದೇ ಜಾಗದಲ್ಲಿ ಘೀಳಿಡುತ್ತಿದೆ ಅಂತ ಯಾರಾದರೂ ಒಬ್ಬ ಯೋಚನೆ ಮಾಡಿದರೆ ಸಾಕು. ಅಲ್ಲಿ ಮರಿ ಸಿಕ್ಕಿಹಾಕಿಕೊಂಡಿರಬಹುದು ಅಂತ ಗೊತ್ತಾಗುತ್ತದೆ.

ಇನ್ನೊಂದು. ಬೆಳಗ್ಗೆ ಮೇಲೆ ಬಂದ ಮರಿ ಏನು ಮಾಡುತ್ತದೆ ಗೊತ್ತಾ? ಜನರ ಹಿಂದೆ ಬರುತ್ತದೆ. ಹಸಿವು, ಭಯ. ದೊಡ್ಡದಾಗಿ ಕಾಣುವ, ಅಲ್ಲಾಡುವ ಯಾವುದಾದರೂ ಸರಿ, ಅದರ ಕಾಲಿಗೆ ಅಂಟಿಕೊಳ್ಳುತ್ತದೆ. ಜೀಪಿನ ಹಿಂದೆ ಓಡುವುದನ್ನು ನೋಡಿದ್ದೇನೆ. ಬಿಟ್ಟು ಬಂದರೆ ಮತ್ತೆ ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳುವುದೇ ನಮಗೆ ದೊಡ್ಡ ಕೆಲಸ. ನೋಡುವವರಿಗೆ "ಎಷ್ಟು ಪ್ರೀತಿ ಮಾಡುತ್ತಿದೆ" ಅನಿಸುತ್ತದೆ. ಪ್ರೀತಿ ಅಲ್ಲ ಅದು, ಗಾಬರಿ.

ಮಾವಿನ ತೋಪು ಶ್ರೀನಿವಾಸಪುರ

ಮರಿ ಕಥೆ ಸರಿ. ರಾಗಿ ಕಥೆ ಯಾರು ಬರೆಯುತ್ತಾರೆ? ನನ್ನ ಭಾವನ ಜಮೀನು ಕಾಮಸಮುದ್ರ ಹೋಬಳಿಯಲ್ಲಿದೆ. ಕೋಲು ನೆಟ್ಟು, ದಾರ ಕಟ್ಟಿ, ಹಣ್ಣು ಕೆಂಪಾಗುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಟೊಮೆಟೊ ತೋಟ ನೆಲಸಮ. ಡ್ರಿಪ್ ಪೈಪೂ ಚೂರು ಚೂರು. ಆ ಹೊಟ್ಟೆ ಉರಿಯಲ್ಲಿ ಪಟಾಕಿ ಹೊಡೆದವನನ್ನು ನಿಮ್ಮ ಕಥೆಯಲ್ಲಿ ಕೆಟ್ಟವನನ್ನಾಗಿ ಮಾಡಬೇಡಿ. ಇಷ್ಟೇ ನನ್ನ ವಿನಂತಿ. ಈ ಆನೆಗಳು ನಮ್ಮವೂ ಅಲ್ಲ, ಆಂಧ್ರದಿಂದ ಬರುತ್ತವೆ.

ಕಾಡುಕಾವಲು

ಸಾರ್, ನಿಮ್ಮ ಭಾವನ ಸಂಕಟ ಸುಳ್ಳಲ್ಲ. ಆದರೆ ಆನೆಗೆ ಆಂಧ್ರ, ಕರ್ನಾಟಕ ಗೊತ್ತಿಲ್ಲ. ಹೊಸೂರು, ಕೃಷ್ಣಗಿರಿ ಕಡೆಯ ಕಾಡಿನಿಂದ 1980ರ ದಶಕದಲ್ಲಿ ಹಿಂಡುಗಳು ಚಿತ್ತೂರು ಕಡೆ ಹೋಗಿ ನೆಲೆಸಿದವು. ಅದರಿಂದಲೇ 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಧಾಮ ಆಯಿತು. ನಮ್ಮ ಬಂಗಾರಪೇಟೆ ತಾಲ್ಲೂಕಿನ ಅಂಚು ಆ ದಾರಿಯಲ್ಲೇ ಇದೆ. ಮೂರು ರಾಜ್ಯದ ಗಡಿ ಕೂಡುವ ಜಾಗ.

ಕಥೆಗೂ ಇದು ಬೇಕು ಟೀಚರಮ್ಮ. ಮರಿ ಬಿದ್ದಿದ್ದು ನಮ್ಮ ಹೊಲದಲ್ಲಿ, ಓಡಿದ ಹಿಂಡು ಬೆಳಗ್ಗೆ ಹೊತ್ತಿಗೆ ತಮಿಳುನಾಡಿನ ಕಾಡಿನಲ್ಲೋ ಆಂಧ್ರದ ಕಾಡಿನಲ್ಲೋ ಇರುತ್ತದೆ. ಅಲ್ಲಿಯ ಸಿಬ್ಬಂದಿಗೆ ಗೊತ್ತಿಲ್ಲದೆ ಅವರು ಆ ಕಡೆಯಿಂದ ಇನ್ನಷ್ಟು ದೂರ ಓಡಿಸಿಬಿಟ್ಟರೆ ಮುಗಿಯಿತು. ಮೊದಲ ಫೋನ್ ಹೋಗಬೇಕಾದ್ದು ಅವರಿಗೆ: "ಇವತ್ತು ರಾತ್ರಿ ಆ ಹಿಂಡನ್ನು ಓಡಿಸಬೇಡಿ, ಮರಿ ನಮ್ಮ ಹತ್ತಿರ ಇದೆ."

ಪಶುವೈದ್ಯೆ, ತುಮಕೂರು

ಹಾಲಿನ ವಿಷಯ ನಾನು ಹೇಳುತ್ತೇನೆ. ದಯವಿಟ್ಟು ಕಥೆಯಲ್ಲಿ ಹಸುವಿನ ಹಾಲು ಕುಡಿಸಬೇಡಿ. ಮಕ್ಕಳು ಓದಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಆನೆ ಹಾಲಿನ ಕೊಬ್ಬು ಬೇರೆ ರೀತಿಯದು, ಹಸುವಿನ ಹಾಲು ಮರಿಗೆ ಅರಗುವುದಿಲ್ಲ. ಭೇದಿ ಶುರುವಾಗುತ್ತದೆ. ಮೂರು ತಿಂಗಳ ಮರಿ ಭೇದಿಗೆ ಬಿದ್ದರೆ ನೀರು ಇಂಗಿ ಒಂದೆರಡು ದಿನದಲ್ಲೇ ಕೈ ಮೀರುತ್ತದೆ. ಆನೆ ಶಿಬಿರಗಳಲ್ಲಿ ಅನಾಥ ಮರಿಗಳಿಗೆ ಮನುಷ್ಯರ ಮಕ್ಕಳಿಗೆ ಕೊಡುವ ಹಾಲಿನ ಪುಡಿ ಕೊಡುತ್ತಾರೆ, ಅದೂ ಅಳತೆ ನೋಡಿ, ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವಾಗಿ.

ನಿಮ್ಮ ಮರಿಗೆ ಅದೂ ಬೇಡ. ಅದು ರಾತ್ರಿಯೆಲ್ಲ ನೀರಲ್ಲಿ ನಿಂತಿದೆ, ಈಜಿ ಸುಸ್ತಾಗಿದೆ. ನಾನು ಹೋಗಿದ್ದರೆ ಮೊದಲು ಉಸಿರು ಕೇಳುತ್ತೇನೆ. ಗೊರಗೊರ ಸದ್ದು ಬಂದರೆ ನೀರು ಶ್ವಾಸಕೋಶಕ್ಕೆ ಇಳಿದಿದೆ ಅಂತ ಅನುಮಾನ. ಬಾಯಿಯೊಳಗೆ ಕೈ ಇಟ್ಟು ನೋಡುತ್ತೇನೆ, ಅಂಟಂಟಾಗಿ ಒಣಗಿದೆಯಾ, ತಣ್ಣಗಿದೆಯಾ ಅಂತ. ಹೊಕ್ಕುಳು ನೋಡುತ್ತೇನೆ, ಕಾಲು ನೋಡುತ್ತೇನೆ. ಉಗುರುಬೆಚ್ಚಗಿನ ನೀರಿಗೆ ಓಆರ್‌ಎಸ್ ಬೆರೆಸಿ ಬಾಟಲಿಯಲ್ಲಿ ಕೊಡುತ್ತೇನೆ, ಮರಿ ನಿಂತಿರುವಾಗ, ಬಾಯಿಗೆ. ಮಲಗಿರುವ ಮರಿಯ ತಲೆ ಎತ್ತಿ ಹಿಡಿದು ಹುಯ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಸೊಂಡಿಲಿಗಂತೂ ಯಾರೂ ಹುಯ್ಯಬಾರದು, ಅದು ಮೂಗು.

ಇಷ್ಟಾದ ಮೇಲೆ ಸ್ವಲ್ಪ ಹಸಿವು ಉಳಿದಿದ್ದರೆ ಒಳ್ಳೆಯದೇ. ಹಸಿದ ಮರಿ ಕೂಗುತ್ತದೆ. ಕೂಗಿದರೆ ತಾಯಿಗೆ ಕೇಳಿಸುತ್ತದೆ.

ಚಿಂತಾಮಣಿ ಅಕ್ಕ

ಡಾಕ್ಟ್ರೇ, ಮೈಗೆ ಆನೆ ಲದ್ದಿ ಬಳಿಯುತ್ತಾರೆ ಅಂತ ಟಿವಿಯಲ್ಲಿ ನೋಡಿದ್ದೆ. ಅದು ಮನುಷ್ಯರ ವಾಸನೆ ಹೋಗಲಿ ಅಂತ ತಾನೆ? ಹಾಗಿದ್ದರೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲವಲ್ಲ.

ಪಶುವೈದ್ಯೆ, ತುಮಕೂರು

ತಮಿಳುನಾಡಿನಲ್ಲಿ ಮಣ್ಣು ಬಳಿಯುವುದನ್ನು ಮಾಡುತ್ತಾರೆ, ಹೌದು. ಅದರಿಂದಲೇ ತಾಯಿ ಸೇರಿಸಿಕೊಂಡಳು ಅಂತ ನಾನು ಹೇಳಲಾರೆ. ತಾಯಿ ಮರಿಯನ್ನು ಬರೀ ವಾಸನೆಯಿಂದ ಗುರುತಿಸುವುದಿಲ್ಲ, ದನಿಯಿಂದಲೂ ಗುರುತಿಸುತ್ತಾಳೆ. ಮಣ್ಣು ಬಳಿಯುವುದರಿಂದ ಕೆಟ್ಟದ್ದೇನೂ ಇಲ್ಲ, ಬಿಸಿಲಿಗೆ ತಂಪೂ ಆಗುತ್ತದೆ. ಆದರೆ ಬಳಿಯಲು ನಾಲ್ಕು ಜನ ಅರ್ಧ ಗಂಟೆ ಮರಿ ಮೇಲೆ ಕೈಯಾಡಿಸುವುದಾದರೆ ನನಗೆ ಬೇಡ. ಕೈ ಜಾಸ್ತಿ ಆದಷ್ಟೂ ಮರಿ ಮನುಷ್ಯರಿಗೆ ಅಂಟಿಕೊಳ್ಳುತ್ತದೆ.

ಕಾಡುಕಾವಲು

ಇದರಲ್ಲಿ ಡಾಕ್ಟ್ರಮ್ಮನ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ತಾಯಿಗೆ ಅನುಮಾನ ಬರಲ್ಲ, ಸರಿ. ಆದರೆ ಹಿಂಡಿನಲ್ಲಿ ತಾಯಿ ಒಬ್ಬಳೇ ಇರುವುದಿಲ್ಲ. ಮುಂದೆ ಬಂದು ಮೂಸಿ ನೋಡುವುದು ಸಾಮಾನ್ಯವಾಗಿ ಹಿರಿಯಳು. ನಿನ್ನೆ ರಾತ್ರಿ ಪಟಾಕಿ ಹೊಡೆದವರ ವಾಸನೆಯೇ ಮರಿ ಮೈಯಿಂದ ಬಂದರೆ ಅವಳು ಬೆದರಿ ಹಿಂದೆ ಸರಿಯಬಹುದು. ಅವಳು ಸರಿದರೆ ಎಲ್ಲರೂ ಸರಿದಂತೆ. ನಾವು ಹಿಂಡು ಹೋದ ದಾರಿಯ ಹಸಿ ಲದ್ದಿ ತಂದು ಬೆನ್ನಿಗೆ, ಕಿವಿ ಹಿಂದೆ ಸವರುತ್ತೇವೆ, ಎರಡೇ ನಿಮಿಷ. ಇರಲಿ, ಇದು ನಮ್ಮ ರೂಢಿ.

ಮೇಡಂ, ಬಿಡುವ ಜಾಗದ ಬಗ್ಗೆ ಕೇಳಿ. ಕಥೆ ಅಲ್ಲೇ ಇರುವುದು.

ಮೊದಲು ಹಿಂಡು ಯಾವುದು ಅಂತ ಖಾತ್ರಿ ಆಗಬೇಕು. ಆ ಕಾಡಿನಲ್ಲಿ ಎರಡು ಗುಂಪು ಇರಬಹುದು. ಬೇರೆ ಗುಂಪಿಗೆ ಬಿಟ್ಟರೆ ಅವರು ಹಾಲು ಕೊಡುತ್ತಾರೆ ಅಂತ ನಂಬಿಕೆ ಇಲ್ಲ. ಹೊಂಡದ ದಡದಲ್ಲಿ ಹೆಜ್ಜೆ ಇರುತ್ತದೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಗೆ ದಾರ ಹಿಡಿದು, ಅದರ ಎರಡರಷ್ಟು ಮಾಡಿದರೆ ಆನೆಯ ಭುಜದ ಎತ್ತರ ಹೆಚ್ಚುಕಮ್ಮಿ ಸಿಗುತ್ತದೆ. ಎಷ್ಟು ದೊಡ್ಡ ಹೆಣ್ಣಾನೆ, ಎಷ್ಟು ಮರಿ, ಅಂದಾಜಾಗುತ್ತದೆ. ನಿಮ್ಮ ಕಥೆಯಲ್ಲಿ ಹರಿದ ಕಿವಿ ಇದೆಯಲ್ಲ, ಅದೇ ಗುರುತು. ಈಗ ಡ್ರೋನ್ ಇದೆ. 2023ರ ಡಿಸೆಂಬರ್‌ನಲ್ಲಿ ಆನೆಮಲೈ ಹುಲಿ ಮೀಸಲಿನಲ್ಲಿ ಮರಿಯನ್ನು ಸೇರಿಸುವಾಗ ಡ್ರೋನ್ ಹಾರಿಸಿಯೇ ಹಿಂಡನ್ನು ಹುಡುಕಿದ್ದು. ಆಮೇಲೆ ಆ ಮರಿ ಅಮ್ಮನಿಗೆ ಒರಗಿ ಮಲಗಿದ ಫೋಟೊ ನೀವೂ ನೋಡಿರಬಹುದು.

ಆಮೇಲೆ ಗಾಳಿ. ನಮ್ಮ ಕಡೆಯಿಂದ ಹಿಂಡಿನ ಕಡೆಗೆ ಗಾಳಿ ಬೀಸಬೇಕು, ಮರಿಯ ವಾಸನೆ ಅವರಿಗೆ ಸಿಗಬೇಕು. ಹಾಗೆ ಆದರೆ ನಮ್ಮ ವಾಸನೆಯೂ ಸಿಗುತ್ತದೆ. ಅದಕ್ಕೇ ಮರಿಯನ್ನು ಬಿಟ್ಟು ನಾವು ಪಕ್ಕಕ್ಕೆ, ದೂರ, ಗಾಳಿ ಸಾಗುವ ದಾರಿ ಬಿಟ್ಟು ಹೋಗಬೇಕು. ಬೀಡಿ ಇಲ್ಲ, ಟಾರ್ಚ್ ಇಲ್ಲ, ಮೊಬೈಲ್ ಇಲ್ಲ. ಬರೀ ಇಬ್ಬರು. ಮೊದಲ ರಾತ್ರಿಯೇ ಇದು ಆಗಬೇಕು. ದಿನ ಕಳೆದಷ್ಟೂ ಮರಿ ಸೊರಗುತ್ತದೆ, ಹಿಂಡು ದೂರ ಹೋಗುತ್ತದೆ.

ಗಣಿಯೂರಿನವ

ಜನರನ್ನು ಹೇಗೆ ಕಳಿಸುತ್ತೀರಿ ಅಣ್ಣ? ನಮ್ಮೂರಲ್ಲಿ ಚಿರತೆ ಬಂದಿದೆ ಅಂದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬರುತ್ತಾರೆ.

ಕಾಡುಕಾವಲು

ಊರಿನ ಹಿರಿಯರಿಗೆ ಹೇಳಬೇಕು. ಇಲಾಖೆಯವರು ಕೂಗಾಡಿದರೆ ಯಾರೂ ಕೇಳುವುದಿಲ್ಲ. ಹೊಲದ ಯಜಮಾನನೇ "ನನ್ನ ಹೊಲದಿಂದ ಎಲ್ಲರೂ ಆಚೆ ಹೋಗಿ" ಅಂದರೆ ಹೋಗುತ್ತಾರೆ.

ಬೇತಮಂಗಲದ ಟೀಚರ್

ಈ ಮಾತಿನಿಂದಲೇ ದಾರಿ ಸಿಕ್ಕಿತು. ಶ್ರೀನಿವಾಸಪುರದ ಅಣ್ಣ, ನಿಮ್ಮ ಭಾವನೂ ಕಥೆಯೊಳಗೆ ಬಂದಿದ್ದಾರೆ. ಉಳಿದರ್ಧ ಹೀಗಿದೆ:

*ಹೊಂಡ ಯಾರದೋ ಅವರದೇ ರಾಗಿ ಹೊಲ ತುಳಿದು ಹಾಳಾಗಿತ್ತು. ಪಟಾಕಿ ಹೊಡೆದದ್ದೂ ಅವರೇ. ಮರಿ ತತ್ತರಿಸುತ್ತಾ ಬಂದು ಅವರ ಪಂಚೆಯ ಪಕ್ಕ ನಿಂತಿತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಊರಿನವರ ಕಡೆ ತಿರುಗಿ, "ಎಲ್ಲರೂ ಮನೆಗೆ ಹೋಗ್ರಪ್ಪ. ಇದು ನನ್ನ ಹೊಲ" ಅಂದರು. ಮಗಳು ಹಾಲಿನ ಚೊಂಬು ತಂದಿದ್ದಳು. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು, ಬಾಟಲಿಯಲ್ಲಿ ಬೆಚ್ಚಗಿನ ಉಪ್ಪು ಸಕ್ಕರೆ ನೀರು ಕುಡಿಸಿದರು.*

*ಗಡಿಯಾಚೆಯಿಂದ ಮಧ್ಯಾಹ್ನ ಫೋನ್ ಬಂತು. ಹರಿದ ಕಿವಿಯ ಹೆಣ್ಣಾನೆ ಹಳ್ಳದ ಪಕ್ಕದ ಬಿದಿರು ಮೆಳೆಯಲ್ಲಿದ್ದಾಳೆ. ಜೊತೆಗಿರುವ ಒಬ್ಬಳು ಮೇಯುತ್ತಿಲ್ಲ. ನಿಂತಲ್ಲೇ ಈ ಕಡೆ ಮುಖ ಮಾಡಿ ನಿಂತಿದ್ದಾಳೆ.*

*ಸಂಜೆ ವಾಚರ್ ಒಂದು ಹಿಡಿ ಮಣ್ಣು ಬಿಟ್ಟು ಗಾಳಿ ನೋಡಿದ. ಮಣ್ಣು ಕಾಡಿನ ಕಡೆ ಹಾರಿತು. ಮರಿಯನ್ನು ನೀಲಗಿರಿ ತೋಪಿನಾಚೆ ಬಿಟ್ಟು ಅವನು ಹೊರಟ. ಮರಿ ಹಿಂದೆಯೇ ಓಡಿಬಂತು. ಮತ್ತೆ ಬಿಟ್ಟ. ಮತ್ತೆ ಬಂತು. ಕೊನೆಗೆ ಅವನು ಪಕ್ಕದ ಕೊರಕಲಿಗೆ ಇಳಿದು ಉಸಿರು ಬಿಗಿಹಿಡಿದು ಮಲಗಿದ. ಯಾರೂ ಕಾಣದೆ ಮರಿ ಕೂಗಿತು.*

*ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಅದು ಕಿವಿಗೆ ಕೇಳಿಸುವುದಕ್ಕಿಂತ ಎದೆಗೆ ತಾಗುವ ಗುಡುಗು. ಮೊದಲು ಬಂದವಳು ಅಜ್ಜಿ. ಸೊಂಡಿಲೆತ್ತಿ ಗಾಳಿ ಮೂಸಿದಳು. ಮರಿಯ ಬಾಯಿಗೆ, ಬೆನ್ನಿಗೆ, ಬಾಲಕ್ಕೆ ಸೊಂಡಿಲು ಮುಟ್ಟಿಸಿ ನೋಡಿದಳು. ಅವಳನ್ನು ಸರಿಸಿಕೊಂಡೇ ಅಮ್ಮ ನುಗ್ಗಿದಳು. ಮರಿ ಅವಳ ಮುಂಗಾಲುಗಳ ನಡುವೆ ತೂರಿ, ಸೊಂಡಿಲನ್ನು ಪಕ್ಕಕ್ಕೆ ಮಡಿಸಿ, ಬಾಯಿ ಹಚ್ಚಿ ಕುಡಿಯತೊಡಗಿತು. ಉಳಿದವರೆಲ್ಲ ಸುತ್ತ ನಿಂತು ಒಟ್ಟಿಗೆ ಕೂಗಿದರು. ಊರಿನಲ್ಲಿ ಎಲ್ಲರಿಗೂ ಕೇಳಿಸಿತು. ಯಾರೂ ಪಟಾಕಿ ಹೊಡೆಯಲಿಲ್ಲ.*

ಪಶುವೈದ್ಯೆ, ತುಮಕೂರು

ಹಾಲು ಕುಡಿಯುವ ರೀತಿ ಸರಿಯಾಗಿದೆ. ಆನೆಯ ಕೆಚ್ಚಲು ಮುಂಗಾಲುಗಳ ನಡುವೆ ಇರುತ್ತದೆ, ಮರಿ ಬಾಯಿಯಿಂದಲೇ ಕುಡಿಯುತ್ತದೆ. ಎಷ್ಟೋ ಪುಸ್ತಕಗಳಲ್ಲಿ ಸೊಂಡಿಲಿನಿಂದ ಕುಡಿಯುವಂತೆ ಚಿತ್ರ ಬರೆದಿರುತ್ತಾರೆ. ಒಂದೇ ಬದಲಾವಣೆ: "ಉಪ್ಪು ಸಕ್ಕರೆ ನೀರು" ಬೇಡ, "ಡಾಕ್ಟರು ತಂದ ನೀರು" ಅಂತ ಇಡಿ. ಇಲ್ಲದಿದ್ದರೆ ಯಾರಾದರೂ ಮನೆಯಲ್ಲೇ ಬೆರೆಸುತ್ತಾರೆ.

ಮಕ್ಕಳು "ಅಮ್ಮ ಬರದಿದ್ದರೆ?" ಅಂತ ಕೇಳಿದರೆ ಸುಮ್ನೆ ತೇಲಿಸಬೇಡಿ. ಕೆಲವು ಸಲ ಬರುವುದಿಲ್ಲ. ತಾಯಿ ಸತ್ತಿರಬಹುದು, ಮರಿಗೇ ಕಾಯಿಲೆ ಇರಬಹುದು. ಆಗ ದುಬಾರೆಗೋ ಸಕ್ರೆಬೈಲಿಗೋ, ಯಾವುದಾದರೂ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲೂ ಇಷ್ಟು ಚಿಕ್ಕ ಮರಿ ಉಳಿಯುವುದು ಕಷ್ಟ.

ಕಾಡುಕಾವಲು

ಲದ್ದಿ ಬಿಟ್ಟಿದ್ದೀರಿ. ಬೇಸರವಿಲ್ಲ. ಆದರೆ ಅಜ್ಜಿ ಮೂಸಿ ನೋಡುವ ಜಾಗ ಬರೆದಿದ್ದೀರಲ್ಲ, ಅಲ್ಲಿ ಅವಳು ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಬರಲಿ. ಅಲ್ಲಿ ನಮಗೆ ಜೀವ ಕೈಗೆ ಬಂದಿರುತ್ತದೆ.

ಮಾವಿನ ತೋಪು ಶ್ರೀನಿವಾಸಪುರ

ಭಾವನಿಗೆ ಓದಿ ಹೇಳಿದೆ. "ಪಂಚೆ ಅಲ್ಲ, ನಾನು ನಿಕ್ಕರ್ ಹಾಕೋದು" ಅಂದರು. ಅವರ ಹತ್ತಿರವೂ ಹೊಂಡ ಇದೆ, 21 ಮೀಟರ್ ಉದ್ದ ಅಗಲ, 3 ಮೀಟರ್ ಆಳ. ಬೇಲಿ ಹಾಕಿದರೆ ಆನೆ ಕಿತ್ತು ಹಾಕುತ್ತದೆ ಅಂತ ಹಾಕಿಲ್ಲ. ಮರಿ ಜಾರದ ಹಾಗೆ ಏನು ಮಾಡಬಹುದು? ನಮ್ಮ ಮೊಮ್ಮಕ್ಕಳೂ ಅಲ್ಲೇ ಆಡುತ್ತಾರೆ.

ಕಾಡುಕಾವಲು

ಸಾರ್, ಮಕ್ಕಳಿಗಾಗಿ ಬೇಲಿ ಬೇಕೇ ಬೇಕು, ಆನೆ ಕಿತ್ತರೆ ಮತ್ತೆ ಹಾಕಿ. ಮರಿಗೆ ಬೇಕಾಗಿರುವುದು ಕಾಲೂರಲು ಜಾಗ. ಒಂದು ಮೂಲೆಯಲ್ಲಿ ದಡದಿಂದ ತಳದವರೆಗೆ ಮಣ್ಣು ತುಂಬಿದ ಚೀಲಗಳನ್ನು ಮೆಟ್ಟಿಲಿನಂತೆ ಜೋಡಿಸಿ. ಚೀಲದ ಕೆಳಗೆ ಹಳೆಯ ಗೋಣಿ ಹಾಸಿ, ಇಲ್ಲದಿದ್ದರೆ ಟಾರ್ಪಾಲಿನ್ ಹರಿಯುತ್ತದೆ. ಪಕ್ಕದಲ್ಲಿ ದಡದ ಮರಕ್ಕೆ ದಪ್ಪ ಹಗ್ಗ ಕಟ್ಟಿ, ಹಳೆಯ ಟೈರ್ ಸೇರಿಸಿ ನೀರಿಗೆ ಇಳಿಬಿಡಿ. ಅದು ಆನೆಮರಿಗಲ್ಲ, ಮನುಷ್ಯರು ಬಿದ್ದರೆ ಹಿಡಿದುಕೊಳ್ಳಲು. ದೊಡ್ಡ ಮರಿ ಚೀಲದ ಮೇಲೆ ಹತ್ತಿಬರಬಹುದು. ಟೀಚರಮ್ಮನ ಕಥೆಯ ಮರಿಯಷ್ಟು ಚಿಕ್ಕದು ಹತ್ತುತ್ತದಾ ಅಂತ ನಾನು ನೋಡಿಲ್ಲ.

ಮಾವಿನ ತೋಪು ಶ್ರೀನಿವಾಸಪುರ

ಚೀಲ ಎಷ್ಟು ಬೇಕಾಗಬಹುದು? ಭಾನುವಾರ ಆಳುಗಳು ಸಿಗುತ್ತಾರೆ, ಅವತ್ತೇ ಶುರು ಮಾಡಿಸುತ್ತೇನೆ.